ಡಾಲರ್ ಬಾಡಿಗೆ: ದರ ಏರಿಳಿದರೆ ಯಾರ ಜೇಬಿಗೆ ಕತ್ತರಿ?

ವಿದೇಶದಿಂದ ಬಂದ ನೌಕರರಿಗೆ ಮನೆ ಕೊಡುವಾಗ ಬಾಡಿಗೆಯನ್ನು ಡಾಲರ್ ಅಥವಾ ಯೂರೋ ಲೆಕ್ಕದಲ್ಲಿ ಗೊತ್ತು ಮಾಡುವುದುಂಟು. ಕರಾರುಪತ್ರದಲ್ಲಿ ಮಾತ್ರ ‘ಚಾಲ್ತಿ ವಿನಿಮಯ ದರದಂತೆ’ ಎಂಬ ಒಂದೇ ಸಾಲು ಇರುತ್ತದೆ. ಸಿದ್ಧ ನಮೂನೆಗಳಲ್ಲಿ ಈ ಸಾಲು ಕಂಡರೆ ಹೊಡೆದುಹಾಕಿ.

1. ಕಾನೂನು ಒಪ್ಪುತ್ತದೆಯೇ ನೋಡಿ. ಇಂಡೊನೇಷ್ಯಾ 2015ರಲ್ಲಿ ದೇಶದೊಳಗಿನ ವ್ಯವಹಾರಕ್ಕೆ ರುಪಿಯಾ ಕಡ್ಡಾಯ ಮಾಡಿತು. ಟರ್ಕಿ 2018ರಲ್ಲಿ ವಿದೇಶಿ ಕರೆನ್ಸಿಯ ಬಾಡಿಗೆ ಕರಾರುಗಳಿಗೆ ಕಡಿವಾಣ ಹಾಕಿತು.

2. ಬಾಡಿಗೆದಾರರ ಸಂಬಳ ಯಾವ ಕರೆನ್ಸಿಯಲ್ಲಿ ಬರುತ್ತದೆಂದು ಕೇಳಿ. ಡಾಲರ್ ಸಂಬಳದವರಿಗೆ ಡಾಲರ್ ಬಾಡಿಗೆ ಭಾರವಾಗದು. ಸ್ಥಳೀಯ ಕರೆನ್ಸಿಯಲ್ಲಿ ಸಂಬಳ ಪಡೆಯುವವರು ಮಾತ್ರ ಡಾಲರ್ ಏರಿದಷ್ಟೂ ಹೆಚ್ಚು ತೆರಬೇಕು.

3. ಯಾರ ದರ, ಯಾವ ದಿನದ್ದು ಎಂದು ಬರೆಯಿರಿ. ಬ್ಯಾಂಕು ಡಾಲರ್ ಕೊಳ್ಳುವ ದರ ಬೇರೆ, ಮಾರುವ ದರ ಬೇರೆ. ಕೇಂದ್ರ ಬ್ಯಾಂಕ್ ಪ್ರಕಟಿಸುವ ದರವೇ ಸರಿ. ಮೊಬೈಲ್ ಆ್ಯಪ್ ತೋರಿಸುವ ದರಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಹಣ ಬದಲಿಸಿಕೊಡುವುದಿಲ್ಲ. ದಿನವೆಂದರೆ ಬಾಡಿಗೆಯ ಗಡುವಿಗೆ ಹಿಂದಿನ ಕೆಲಸದ ದಿನ. ‘ಪಾವತಿಸಿದ ದಿನ’ ಎಂದು ಬರೆದರೆ, ದರ ಇಳಿಯಲೆಂದು ಕಾದು ತಡಮಾಡುವವರಿಗೆ ಲಾಭ.

4. ಏರಿಳಿತವನ್ನು ಹಂಚಿಕೊಳ್ಳುವ ಷರತ್ತು. ಎಡವುವುದು ಇಲ್ಲೇ. ಬಾಡಿಗೆ 1,000 ಡಾಲರ್, ಸಹಿಯ ದಿನದ ದರ 80 ಎನ್ನೋಣ. ಸ್ಥಳೀಯ ಲೆಕ್ಕದಲ್ಲಿ 80,000. ‘ದರ ಶೇ 5ರೊಳಗೆ ಏರಿಳಿದರೆ ಬಾಡಿಗೆ ಬದಲಾಗದು, ಮೀರಿದರೆ ಇಬ್ಬರೂ ಸಮನಾಗಿ ಹೊರಬೇಕು’ ಎಂದು ಬರೆದು ಎಲ್ಲರೂ ನಿಶ್ಚಿಂತರಾಗುತ್ತಾರೆ. ದರ 96ಕ್ಕೆ ಏರಿತೆನ್ನಿ. ಸಮನಾಗಿ ಹೊರಬೇಕಾದದ್ದು ಏನನ್ನು? 80ರಿಂದ ಆದ ಪೂರ್ತಿ ಏರಿಕೆಯನ್ನು ಎಂದು ಮಾಲೀಕರು ವಾದಿಸಿದರೆ ಬಾಡಿಗೆ 88,000. ಮಿತಿಯಾದ 84ರ ಮೇಲಿನದನ್ನು ಮಾತ್ರ ಎಂದು ಬಾಡಿಗೆದಾರರು ಹೇಳಿದರೆ 86,000. ಷರತ್ತಿನ ಮಾತಿನಲ್ಲಿ ಎರಡೂ ಅರ್ಥಕ್ಕೆ ಎಡೆಯಿದೆ.

ಎರಡನೆಯದನ್ನೇ ಬರೆಸಿ. ಮೊದಲನೆಯ ರೀತಿಯಲ್ಲಿ ದರ 84 ಇರುವವರೆಗೆ 80,000 ಇದ್ದ ಬಾಡಿಗೆ, 84 ದಾಟಿದ ಕೂಡಲೇ 82,000ಕ್ಕೆ ನೆಗೆಯುತ್ತದೆ. ಆ ಗಡಿಯಲ್ಲಿ ಪ್ರತಿ ತಿಂಗಳೂ ಜಗಳ. ಎರಡನೆಯದರಲ್ಲಿ ಏರಿಕೆ ಸೊನ್ನೆಯಿಂದ ಶುರುವಾಗುತ್ತದೆ. ಇದೇ ಲೆಕ್ಕ ಇಳಿಕೆಗೂ ಅನ್ವಯಿಸಬೇಕು: ದರ 64ಕ್ಕೆ ಕುಸಿದರೆ, 76ರ ಕೆಳಗಿನ 12ರಲ್ಲಿ ಅರ್ಧ ಕಳೆದು ಬಾಡಿಗೆ 74,000. ಏರಿಕೆಗಷ್ಟೇ ಅನ್ವಯಿಸುವ ಷರತ್ತಿಗೆ ಸಹಿ ಹಾಕಬೇಡಿ. ಈ ಎರಡೂ ಉದಾಹರಣೆಗಳನ್ನು ಅಂಕಿಗಳ ಸಮೇತ ಕರಾರಿನೊಳಗೇ ಸೇರಿಸಿ. ವಕೀಲರ ಉದ್ದುದ್ದ ವಾಕ್ಯಗಳಿಗಿಂತ ಅವು ಸ್ಪಷ್ಟ.

5. ಕರಾರು ನವೀಕರಿಸುವಾಗ ಮೂಲ ದರ 80ರಲ್ಲೇ ಉಳಿಯುತ್ತದೆಯೋ, ಅಂದಿನ ದರಕ್ಕೆ ಬದಲಾಗುತ್ತದೆಯೋ ಎಂಬುದನ್ನೂ ಬರೆಯಿರಿ.

6. ಮುಂಗಡ ಯಾವ ಕರೆನ್ಸಿಯಲ್ಲಿ ಬಂತೋ ಅದೇ ಕರೆನ್ಸಿಯಲ್ಲಿ, ಅಷ್ಟೇ ಮೊತ್ತ ಹಿಂದಿರುಗಬೇಕು.