15 ವ್ಯಾಟ್ ಪ್ಯಾಡ್ ಮೇಲೆ 7.5 ವ್ಯಾಟ್ ಏಕೆ?

15 ವ್ಯಾಟ್ ಎಂದು ಬರೆದಿದ್ದ, ಕಾಂತವಿಲ್ಲದ ವೈರ್‌ಲೆಸ್ ಪ್ಯಾಡ್ ಮೇಲೆ ನನ್ನ ಐಫೋನ್ 13 ನಿಧಾನವಾಗಿ ಚಾರ್ಜ್ ಆಗುತ್ತಿತ್ತು. ಅದೇ ಪ್ಯಾಡ್ ಮೇಲೆ ಒಂದು ಆಂಡ್ರಾಯ್ಡ್ ಫೋನ್ ಚುರುಕಾಗಿ ತುಂಬುತ್ತಿತ್ತು. ಕಾರಣ ತಿಳಿಯಲು ಅಡಾಪ್ಟರ್ ಮತ್ತು ಪ್ಯಾಡ್‌ನ ಕೇಬಲ್ ನಡುವೆ ಯುಎಸ್‌ಬಿ ಮೀಟರ್ ಸಿಕ್ಕಿಸಿದೆ. ಬ್ಯಾಟರಿ ತುಂಬುತ್ತ ಬಂದಂತೆ, ಮೈ ಬಿಸಿಯಾದಂತೆ ಫೋನ್ ತಾನಾಗಿಯೇ ವೇಗ ತಗ್ಗಿಸುವುದರಿಂದ, ಅರ್ಧಕ್ಕಿಂತ ಕಡಿಮೆ ಚಾರ್ಜ್ ಇದ್ದಾಗ, ಕವರ್ ತೆಗೆದು, ಮೊದಲ ಕೆಲವು ನಿಮಿಷಗಳಲ್ಲೇ ಅಳೆದೆ.

ಐಫೋನ್ ಇಟ್ಟಾಗ ಮೀಟರ್ 9 ವೋಲ್ಟ್, ಸುಮಾರು 1.1 ಆಂಪಿಯರ್ ತೋರಿಸಿತು, ಅಂದರೆ 10 ವ್ಯಾಟ್; ಪ್ಯಾಡ್ ಮತ್ತು ಫೋನ್ ಒಳಗಿನ ತಂತಿ ಸುರುಳಿಗಳ ನಡುವೆ ಶಾಖವಾಗಿ ಹೋಗುವ ಪಾಲನ್ನು ಕಳೆದರೆ ಫೋನ್‌ಗೆ ದಕ್ಕುವುದು 7.5 ವ್ಯಾಟ್‌ನ ಆಸುಪಾಸು. ಆಂಡ್ರಾಯ್ಡ್ ಫೋನ್ ಇಟ್ಟಾಗ ಅದೇ 9 ವೋಲ್ಟ್‌ನಲ್ಲಿ 2 ಆಂಪಿಯರ್‌ನಷ್ಟು ಹರಿಯಿತು. ಆದ್ದರಿಂದ ಅಡಾಪ್ಟರ್ ಮತ್ತು ಪ್ಯಾಡ್ ಎರಡೂ ನಿರ್ದೋಷಿಗಳು.

ವ್ಯತ್ಯಾಸ ಇರುವುದು ಒಪ್ಪಂದದಲ್ಲಿ. ವೈರ್‌ಲೆಸ್ ಚಾರ್ಜಿಂಗ್‌ಗೆ ಬಹುತೇಕ ಕಂಪನಿಗಳು ಬಳಸುವ ಚೀ ಮಾನದಂಡದಲ್ಲಿ ಎಷ್ಟು ವಿದ್ಯುತ್ ಬೇಕೆಂದು ಕೇಳುವುದು ಫೋನ್. ತನ್ನ ಸುರುಳಿಯ ಮೇಲಿನ ಹೊರೆಯನ್ನು ಏರಿಳಿಸಿ ಅದು ಸಂದೇಶ ಕಳುಹಿಸುತ್ತದೆ, ಪ್ಯಾಡ್ ಆ ಅಲುಗಾಟವನ್ನು ಓದಿಕೊಳ್ಳುತ್ತದೆ. 5 ವ್ಯಾಟ್‌ನ ಮೂಲ ಪ್ರೊಫೈಲ್‌ನಲ್ಲಿ ಮಾತು ಈ ಒಂದೇ ದಿಕ್ಕಿನದು. 15 ವ್ಯಾಟ್‌ವರೆಗಿನ ವಿಸ್ತೃತ ಪ್ರೊಫೈಲ್‌ನಲ್ಲಿ ಪ್ಯಾಡ್ ಕೂಡ ತನ್ನ ಆವರ್ತನವನ್ನು ತುಸು ಬದಲಿಸಿ ಉತ್ತರಿಸುತ್ತದೆ ಮತ್ತು ಎಷ್ಟು ಕೊಡಬಲ್ಲೆನೆಂದು ಒಪ್ಪಿಕೊಳ್ಳುತ್ತದೆ. ಇದು ಬರೀ ಔಪಚಾರಿಕತೆಯಲ್ಲ: ಕಳುಹಿಸಿದ್ದಕ್ಕೂ ತಲುಪಿದ್ದಕ್ಕೂ ಇರುವ ಅಂತರ ನೋಡಿಯೇ ಪ್ಯಾಡ್ ನಡುವೆ ನಾಣ್ಯವೋ ಕೀಲಿಯೋ ಸಿಕ್ಕಿ ಬಿಸಿಯಾಗುತ್ತಿದೆಯೆಂದು ಗುರುತಿಸುತ್ತದೆ, ವಿದ್ಯುತ್ ಹೆಚ್ಚಿದಷ್ಟೂ ಆ ಲೆಕ್ಕ ಬಿಗಿಯಾಗಿರಬೇಕು. ಒಪ್ಪಂದ ಕುದುರದಿದ್ದರೆ ಚಾರ್ಜಿಂಗ್ ಕೆಳಗಿನ ಹಂತದಲ್ಲೇ ನಿಲ್ಲುತ್ತದೆ.

ಆಂಡ್ರಾಯ್ಡ್ ಫೋನ್ ಆ ಪ್ಯಾಡ್‌ನೊಂದಿಗೆ ವಿಸ್ತೃತ ಒಪ್ಪಂದ ಮಾಡಿಕೊಂಡಿತ್ತು. ನನ್ನ ಐಫೋನ್‌ಗೆ ಕಾಂತವಿಲ್ಲದ ಚೀ ಪ್ಯಾಡ್‌ಗಳ ಮೇಲೆ ಆಪಲ್ ಇಟ್ಟಿರುವ ಮಿತಿಯೇ 7.5 ವ್ಯಾಟ್, ಅದರ 15 ವ್ಯಾಟ್ ಸಿಗುವುದು ಆಪಲ್‌ನದೇ ಕಾಂತೀಯ ಚಾರ್ಜರ್ ಆದ ಮ್ಯಾಗ್‌ಸೇಫ್ ಅಥವಾ ಚೀ ಮಾನದಂಡದ ಹೊಸ ಆವೃತ್ತಿಯಾದ ಚೀ 2 ಮೇಲೆ. ಐಒಎಸ್ 17.2 ಅಥವಾ ಅನಂತರದ ಆವೃತ್ತಿಯಿದ್ದರೆ ಐಫೋನ್ 13 ಚೀ 2ರ ಕಾಂತೀಯ ಪ್ರೊಫೈಲ್ ಅನ್ನು ಒಪ್ಪುತ್ತದೆ. ಅದೇ ಅಡಾಪ್ಟರ್‌ಗೆ ಚೀ 2 ಪ್ಯಾಡ್ ಜೋಡಿಸಿದಾಗ ಅಂಕಿ ಮೊದಲು ಕೆಳಗೇ ತಡೆದು, ಕೆಲ ಕ್ಷಣಗಳ ಬಳಿಕ ಮೆಟ್ಟಿಲು ಹತ್ತಿದಂತೆ 20 ವ್ಯಾಟ್‌ನ ಸನಿಹಕ್ಕೆ ಏರಿತು.

ಕಾಂತದ ಉಂಗುರ ಸುರುಳಿಗಳನ್ನು ಎದುರುಬದುರು ಕೂರಿಸುವುದೂ ಮುಖ್ಯವೇ, ಆದರೆ ಬರೀ ಕಾಂತ ಅಂಟಿಸಿದ ಅಗ್ಗದ ಪ್ಯಾಡ್‌ನಲ್ಲಿ ಫೋನ್ ಸರಿಯಾಗಿ ಕೂರುತ್ತದೆಯೇ ಹೊರತು ಮಿತಿ ಏರುವುದಿಲ್ಲ. ಅಡಾಪ್ಟರ್ 5 ವೋಲ್ಟ್ ಮಾತ್ರ ಕೊಡುವಂಥದ್ದಾದರೆ ಎಂಥ ಪ್ಯಾಡ್ ಕೂಡ ಪೂರ್ಣ ವೇಗ ತಲುಪುವುದಿಲ್ಲ. ಹಾಗಾಗಿ ಮೀಟರ್‌ನಲ್ಲಿ ಮೊದಲು ನೋಡಬೇಕಾದದ್ದು ವೋಲ್ಟೇಜ್. ಇನ್ನು 50 ವ್ಯಾಟ್‌ನಂಥ ವೇಗವನ್ನು ಹೇಳಿಕೊಳ್ಳುವ ಫೋನ್‌ಗಳು ತಮ್ಮ ಕಂಪನಿಯದೇ ಗೂಢ ಸಂದೇಶಕ್ಕೆ ಉತ್ತರಿಸುವ ಸ್ಟ್ಯಾಂಡ್ ಇಲ್ಲದಿದ್ದರೆ ಸಾಮಾನ್ಯ ಚೀ ಮಟ್ಟಕ್ಕೇ ಇಳಿಯುತ್ತವೆ.