ಐಪಿಒ ಸ್ಕ್ರೀನ್‌ಶಾಟ್‌ನಲ್ಲಿ ‘Refund’ ಅಂತಿದೆ, ಹಾಗಾದರೆ ರೊಕ್ಕ ಎಲ್ಲಿದೆ?

ಶುಕ್ರವಾರ ಬೆಳಿಗ್ಗೆ ಎಂಟೂವರೆಗೆ ಫೋನಿಗೆ ಒಂದು ಸ್ಕ್ರೀನ್‌ಶಾಟ್ ಬಂತು. ಕಳಿಸಿದವನು ರಾಯಚೂರಿನ ರಾಜೇಂದ್ರ ಗಂಜ್‌ನಲ್ಲಿ ಹತ್ತಿ ಅಡತಿಯೊಂದರ ಲೆಕ್ಕ ಬರೆಯುವ ಹುಡುಗ, ನಮ್ಮ ಓಣಿಯವನೇ. ಕಂಪನಿಯೊಂದು ಮೊದಲ ಸಲ ಜನರಿಗೆ ಷೇರು ಮಾರುವ ಐಪಿಒಗೆ ಇವನೂ ಮೊದಲ ಸಲ ಅರ್ಜಿ ಹಾಕಿದ್ದ. ಚಿತ್ರದ ಕೆಳಗೆ ಒಂದೇ ಸಾಲು: ‘ಕಾಕಾ, ರಿಫಂಡ್ ಅಂತ ಬಂದದ, ಆದ್ರ ಖಾತೆಗೆ ರೊಕ್ಕ ಬಂದಿಲ್ಲ. ಹೋತೇನ್ರಿ?’

ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಇಂಥ ಚಿತ್ರಗಳು ನನಗೆ ತಿಂಗಳಿಗೆ ಎರಡು ಮೂರಾದರೂ ಬರುತ್ತವೆ. ಎಲ್ಲರೂ ಎಡವುವುದು ಒಂದೇ ಜಾಗದಲ್ಲಿ. ಅದಕ್ಕೇ ಈ ಹುಡುಗನ ಸ್ಕ್ರೀನ್‌ಶಾಟನ್ನೇ ಇಟ್ಟುಕೊಂಡು ಓದೋಣ.

ಮೊದಲು ದಿನಾಂಕ ನೋಡಿ

ಚಿತ್ರದ ತಲೆಯ ಮೇಲಿರುವ ಸಮಯ, ದಿನ ನೋಡದೆ ಕೆಳಗಿನ ಒಂದು ಅಕ್ಷರವನ್ನೂ ಓದಬೇಡಿ. 2023ರ ಡಿಸೆಂಬರ್‌ನಿಂದ ಎಲ್ಲ ಐಪಿಒಗಳಿಗೂ ವೇಳಾಪಟ್ಟಿ ಒಂದೇ. ಇವನ ಐಪಿಒಗೆ ಅರ್ಜಿ ಹಾಕುವ ಗಡುವು ಬುಧವಾರ ಮುಗಿದಿತ್ತು. ಹಾಗಾದರೆ ಗುರುವಾರ ಯಾರಿಗೆ ಷೇರು ಅನ್ನುವುದು ತೀರ್ಮಾನ. ಶುಕ್ರವಾರ ಉಳಿದ ಹಣದ ಬಿಡುಗಡೆ ಮತ್ತು ಡಿಮ್ಯಾಟ್ ಖಾತೆಗೆ ಷೇರು. ಶನಿವಾರ, ಭಾನುವಾರ ಲೆಕ್ಕಕ್ಕಿಲ್ಲ. ಸೋಮವಾರ ಮಾರುಕಟ್ಟೆಯಲ್ಲಿ ವಹಿವಾಟು ಶುರು. ಗುರುವಾರ ಮಧ್ಯಾಹ್ನವೇ ಹುಡುಕಿ ‘No record found’ ಅಂತ ಕಂಡರೆ ಗಾಬರಿ ಬೇಡ. ಫಲಿತಾಂಶ ಇನ್ನೂ ಹಾಕಿಲ್ಲ ಅಷ್ಟೇ. ರಾತ್ರಿ ಊಟ ಮಾಡಿ ನೋಡಿ.

ಚಿತ್ರ ಯಾರ ಮನೆಯದು?

ನಿಮ್ಮ ಫೋನಿನಲ್ಲಿ ಮೂರು ಬೇರೆ ಬೇರೆ ಚಿತ್ರ ಇರಬಹುದು. ಒಂದು, ಅರ್ಜಿ ಹಾಕಿದ ಬ್ರೋಕರ್ ಆ್ಯಪ್‌ನದು. ಇನ್ನೊಂದು ಬ್ಯಾಂಕಿನದು ಅಥವಾ ಯುಪಿಐ ಆ್ಯಪ್‌ನದು. ಮೂರನೆಯದು ರಿಜಿಸ್ಟ್ರಾರ್ ಕಂಪನಿಯ ವೆಬ್‌ಸೈಟಿನದು. ಅರ್ಜಿಗಳನ್ನು ಜರಡಿ ಹಿಡಿದು ಷೇರು ಹಂಚುವ ಕೆಲಸ ಈ ಮೂರನೆಯವರದು. ಸಿಕ್ಕಿದೆಯೋ ಇಲ್ಲವೋ ಎಂಬುದಕ್ಕೆ ಇವರ ಪರದೆಯನ್ನೇ ನಂಬಿ. ರೊಕ್ಕಕ್ಕೆ ಬ್ಯಾಂಕಿನ ಪರದೆ. ಬ್ರೋಕರ್ ಆ್ಯಪ್ ತಡವಾಗಿ ಹೇಳುತ್ತದೆ, ಕೆಲವು ಸಲ ಹೇಳುವುದೇ ಇಲ್ಲ.

ಬ್ರೋಕರ್ ಆ್ಯಪ್‌ನಲ್ಲಿ ‘Applied’ ಅಂತ ಹಸಿರು ಗುರುತು ಬಿದ್ದರೆ ಅರ್ಜಿ ಮುಗಿಯಿತು ಅಂತ ಬಹಳ ಜನ ತಿಳಿದಿರುತ್ತಾರೆ. ಮುಗಿದಿಲ್ಲ. ಆಮೇಲೆ ಯುಪಿಐ ಆ್ಯಪ್‌ಗೆ ಒಂದು ಮ್ಯಾಂಡೇಟ್, ಅಂದರೆ ಖಾತೆಯಲ್ಲಿ ಹಣ ಬ್ಲಾಕ್ ಮಾಡಲು ಒಪ್ಪಿಗೆ ಕೇಳುವ ಕೋರಿಕೆ ಬರುತ್ತದೆ. ಅದನ್ನು ಪಿನ್ ಹಾಕಿ ಒಪ್ಪಬೇಕು, ಅದೂ ಕೊನೆಯ ದಿನ ಸಂಜೆ 5ರೊಳಗೆ. ಒಪ್ಪದಿದ್ದರೆ ಹಣ ಬ್ಲಾಕ್ ಆಗುವುದಿಲ್ಲ, ಅರ್ಜಿಯೂ ಲೆಕ್ಕಕ್ಕೆ ಬರುವುದಿಲ್ಲ. ಕೊನೆಯ ದಿನ ನಾಲ್ಕೂವರೆಗೆ ಅರ್ಜಿ ಹಾಕಿ ಮ್ಯಾಂಡೇಟ್‌ಗೆ ಕಾದು ಕೂತವರನ್ನು ನಾನು ನೋಡಿದ್ದೇನೆ. ಮೊದಲ ದಿನವೇ ಹಾಕಿ ಮುಗಿಸಿ.

ಈಗ ಆ ಐದು ಸಾಲು

ಹುಡುಗ ಕಳಿಸಿದ್ದು ರಿಜಿಸ್ಟ್ರಾರ್ ಪರದೆ. ಪ್ಯಾನ್, ಅರ್ಜಿ ನಂಬರ್ ಬಿಟ್ಟರೆ ಇಷ್ಟಿತ್ತು. ಬೇರೆ ರಿಜಿಸ್ಟ್ರಾರ್‌ಗಳಲ್ಲಿ ಪದ ಅಷ್ಟಿಷ್ಟು ಬದಲಾಗುತ್ತವೆ, ಅರ್ಥ ಇದೇ.

```
Shares Applied  : 315
Shares Allotted : 105
Cut-off Price   : 142
Amount Adjusted : 14910
Refund Amount   : 29820
```

ಇವನ ಐಪಿಒದಲ್ಲಿ ಒಂದು ಲಾಟ್ ಅಂದರೆ 105 ಷೇರು. ಬೆಲೆಯ ಮೇಲಿನ ಮಿತಿ 142 ರೂಪಾಯಿ, ಕೊನೆಗೆ ನಿಗದಿಯಾದ ‘Cut-off Price’ ಕೂಡ ಅದೇ. ಹಾಗಾಗಿ ಒಂದು ಲಾಟ್‌ಗೆ 14,910. ಇವನು ಮೂರು ಲಾಟ್ ಕೇಳಿದ್ದ. ಮೂರಕ್ಕೆ 44,730 ರೂಪಾಯಿ ಬ್ಲಾಕ್ ಆಗಿತ್ತು. ಸಿಕ್ಕಿದ್ದು ಒಂದು ಲಾಟ್. ‘Amount Adjusted’ ಅಂದರೆ ಷೇರಿಗೆ ನಿಜವಾಗಿ ಹೋಗುವ ಹಣ, 14,910. ಉಳಿದದ್ದು 29,820. ಅದನ್ನೇ ಪರದೆ ‘Refund’ ಅನ್ನುತ್ತದೆ. ಕೊನೆಯ ಎರಡು ಸಾಲು ಕೂಡಿಸಿದರೆ ನೀವು ಬ್ಲಾಕ್ ಮಾಡಿದ ಮೊತ್ತ ಬರಬೇಕು. ಬಂತಾ? ಹಾಗಾದರೆ ಲೆಕ್ಕ ಸರಿ.

ಒಮ್ಮೊಮ್ಮೆ ಕಂಪನಿ ಬೆಲೆಯನ್ನು ಮೇಲಿನ ಮಿತಿಗಿಂತ ಕೆಳಗೆ ನಿಗದಿ ಮಾಡುತ್ತದೆ. 142 ಬದಲು 138 ಅಂದುಕೊಳ್ಳಿ. ಆಗ 105 ಷೇರಿಗೆ 14,490 ಮಾತ್ರ ಕಡಿತ. ಷೇರಿಗೆ 4 ರೂಪಾಯಿಯಂತೆ 420 ರೂಪಾಯಿಯೂ ‘Refund’ ಸಾಲಿಗೆ ಸೇರುತ್ತದೆ.

ಎಡವುವ ಜಾಗ ಇದೇ. ‘Refund’ ಅಂದಕೂಡಲೇ ನಮ್ಮ ತಲೆಯಲ್ಲಿ ಹೊರಗೆ ಹೋದ ರೊಕ್ಕ ತಿರುಗಿ ಬರುವ ಚಿತ್ರ ಮೂಡುತ್ತದೆ. ಖಾತೆಯಲ್ಲಿ ಜಮಾ ಹುಡುಕುತ್ತೇವೆ. ಸಿಗುವುದಿಲ್ಲ. ಯಾಕೆಂದರೆ ಆ 29,820 ಖಾತೆಯಿಂದ ಹೊರಗೆ ಹೋಗಿಯೇ ಇಲ್ಲ. ಗಂಜ್‌ನವನಿಗೆ ನಾನು ಗಂಜ್‌ನ ಮಾತಲ್ಲೇ ಹೇಳಿದೆ: ಮೂರು ಚೀಲಕ್ಕೆ ಖರೀದಿದಾರನ ಚೀಟಿ ಹಚ್ಚಿದ್ದಾರೆ, ಆದರೆ ಚೀಲ ನಿನ್ನ ಅಂಗಡಿಯಲ್ಲೇ ಇವೆ. ಈಗ ಒಂದು ಚೀಲ ಒಯ್ಯುತ್ತಾರೆ, ಎರಡರ ಚೀಟಿ ಕೀಳುತ್ತಾರೆ. ಚೀಟಿ ಕಿತ್ತದ್ದನ್ನು ನೀನು ಆವಕ ಅಂತ ಬರೀತೀಯಾ? ‘ಇಲ್ರೀ’ ಅಂದ.

ಈ ಪದ ಹಳೇ ಕಾಲದ್ದು. ಆಗ ಅರ್ಜಿಯ ಜೊತೆ ಚೆಕ್ ಕೊಡುತ್ತಿದ್ದೆವು, ಹಣ ಹೋಗಿಯೇ ಬಿಡುತ್ತಿತ್ತು. ಷೇರು ಸಿಗದಿದ್ದರೆ ಅಂಚೆಯಲ್ಲಿ ರಿಫಂಡ್ ಆರ್ಡರ್ ಬರುತ್ತಿತ್ತು. 2016ರ ಜನವರಿಯಿಂದ ಸಾರ್ವಜನಿಕ ಷೇರು ನೀಡಿಕೆಗೆ ಖಾತೆಯಲ್ಲೇ ಹಣ ಬ್ಲಾಕ್ ಮಾಡುವ ಪದ್ಧತಿ ಕಡ್ಡಾಯವಾಯಿತು. ಪದ್ಧತಿ ಬದಲಾಯಿತು, ಪರದೆಯ ಮಾತು ಬದಲಾಗಲಿಲ್ಲ.

ಬ್ಯಾಂಕಿನ ಪರದೆಯಲ್ಲಿ ಏನು ನೋಡಬೇಕು

ಬ್ಯಾಂಕ್ ಆ್ಯಪ್‌ನಲ್ಲಿ ಎರಡು ಮೊತ್ತ ಇರುತ್ತವೆ. ಒಂದು ಖಾತೆಯಲ್ಲಿ ಒಟ್ಟು ಇರುವುದು, ಇನ್ನೊಂದು ನೀವು ತೆಗೆಯಬಹುದಾದ್ದು, ಅದೇ ‘Available Balance’. ಎರಡರ ನಡುವಿನ ವ್ಯತ್ಯಾಸವೇ ಬ್ಲಾಕ್ ಆದ ಹಣ. ಕೆಲವು ಬ್ಯಾಂಕುಗಳು ಅದನ್ನು ‘Lien’ ಅಂತಲೂ ‘Hold’ ಅಂತಲೂ ತೋರಿಸುತ್ತವೆ.

ಹುಡುಗನ ಖಾತೆಯಲ್ಲಿ ಒಟ್ಟು 47,000 ಇತ್ತು. 44,730 ಬ್ಲಾಕ್ ಆದಾಗ ತೆಗೆಯಲು ಸಿಗುತ್ತಿದ್ದದ್ದು 2,270 ಮಾತ್ರ. ಎಲ್ಲ ಮುಗಿದ ಮೇಲೆ ಹೇಗಿರಬೇಕು? 14,910 ಒಂದೇ ಖರ್ಚು ಬಿದ್ದು ಒಟ್ಟು ಮೊತ್ತ 32,090 ಆಗಬೇಕು. ತೆಗೆಯಬಹುದಾದ್ದೂ 32,090 ಆಗಬೇಕು. ಎರಡೂ ಸಮ ಆದವೆಂದರೆ ಬಿಡುಗಡೆ ಆಗಿದೆ ಅಂತಲೇ ಅರ್ಥ. ಪಾಸ್‌ಬುಕ್ಕಿನಲ್ಲಿ ಖರ್ಚು ಒಂದು ಕಾಣುತ್ತದೆ, ಜಮಾ ಒಂದೂ ಕಾಣುವುದಿಲ್ಲ. ಏನೂ ಸಿಗದವರಿಗಂತೂ ಪಾಸ್‌ಬುಕ್ಕಿನಲ್ಲಿ ಒಂದು ಗೆರೆಯೂ ಇರುವುದಿಲ್ಲ. ಉಳಿತಾಯ ಖಾತೆಯಾದರೆ ಬ್ಲಾಕ್ ಆದಷ್ಟು ದಿನ ಆ ಹಣಕ್ಕೆ ಬಡ್ಡಿಯೂ ನಿಲ್ಲುವುದಿಲ್ಲ.

ಆದರೆ ಕಂತಿನ ವಿಷಯದಲ್ಲಿ ಹುಷಾರು. ಬ್ಲಾಕ್ ಆದ ಹಣ ಕಣ್ಣಿಗೆ ಕಾಣುತ್ತದೆ, ಕಂತಿಗೆ ಸಿಗುವುದಿಲ್ಲ. ನನಗೆ ಗೊತ್ತಿರುವ ಶಿಕ್ಷಕಿಯೊಬ್ಬರ ಸ್ಕೂಟರ್ ಕಂತು ಹೀಗೇ ವಾಪಸ್ ಹೋಗಿ ದಂಡ ಬಿತ್ತು. ‘ಖಾತಿಯೊಳಗ ಇತ್ತಲ್ರಿ’ ಅಂತ ಅವರು ಹೇಳಿದ್ದೂ ನಿಜವೇ. ಕಂತು ಕಡಿತವಾಗುವ ಖಾತೆಯಿಂದ ಅರ್ಜಿ ಹಾಕಲೇಬೇಡಿ.

ಹಾಗಂತ ಅಪ್ಪನ ಖಾತೆಯಿಂದಲೋ ಹೆಂಡತಿಯ ಯುಪಿಐಯಿಂದಲೋ ಹಾಕಲೂ ಬೇಡಿ. ಅರ್ಜಿದಾರನ ಪ್ಯಾನ್ ಬೇರೆ, ಖಾತೆ ಬೇರೆಯವರದು ಅಂದರೆ ಅರ್ಜಿ ತಿರಸ್ಕಾರವಾಗುತ್ತದೆ. ಒಂದೇ ಪ್ಯಾನ್‌ನಲ್ಲಿ ಎರಡು ಆ್ಯಪ್‌ನಿಂದ ಎರಡು ಅರ್ಜಿ ಹಾಕಿದರೂ ಅಷ್ಟೇ. ‘Not Allotted’ ಬೇರೆ, ‘Rejected’ ಬೇರೆ. ಮೊದಲನೆಯದು ಲಾಟರಿಯಲ್ಲಿ ಹೆಸರು ಬರಲಿಲ್ಲ ಅಂತ. ಎರಡನೆಯದು ಚೀಟಿಯನ್ನು ಡಬ್ಬಿಗೇ ಹಾಕಲಿಲ್ಲ ಅಂತ. ಎರಡರಲ್ಲೂ ಹಣ ಪೂರ್ತಿ ಬಿಡುಗಡೆಯಾಗುತ್ತದೆ.

ಮೂರು ಕೇಳಿದರೂ ಒಂದೇ ಯಾಕೆ?

ಎರಡು ಲಕ್ಷದವರೆಗಿನ ಸಣ್ಣ ಅರ್ಜಿದಾರರ ಪಾಲಿನಲ್ಲಿ ಬೇಡಿಕೆ ಬಹಳ ಇದ್ದರೆ ಲಾಟರಿ ಎತ್ತುತ್ತಾರೆ. ಒಂದು ಅರ್ಜಿಗೆ ಒಂದೇ ಚೀಟಿ, ಗೆದ್ದವರಿಗೆ ಒಂದೇ ಲಾಟ್. ಒಂದು ಲಾಟ್ ಕೇಳಿದವನಿಗೂ ಹದಿಮೂರು ಕೇಳಿದವನಿಗೂ ಅವಕಾಶ ಸಮ. ಬಹಳ ಜನ ಮುಗಿಬಿದ್ದಿರುವ ಐಪಿಒಗೆ ಒಂದೇ ಲಾಟ್ ಹಾಕಿ, ಸುಮ್ನೆ ಜಾಸ್ತಿ ಹಣ ಕಟ್ಟಿಹಾಕಬೇಡಿ. ‘ಅಲಾಟ್‌ಮೆಂಟ್ ಗ್ಯಾರಂಟಿ’ ಅಂತ ಟೆಲಿಗ್ರಾಂನಲ್ಲಿ ಫೀ ಕೇಳುವವರು ಮಾರುತ್ತಿರುವುದು ಬರೀ ಗಾಳಿ. ಇನ್ನೊಂದು ಮಾತು. ಬಿಡುಗಡೆಗೆ ಪಿನ್ ಬೇಕಿಲ್ಲ. ‘ರಿಫಂಡ್ ಪಡೆಯಲು ಪಿನ್ ಹಾಕಿ’ ಅಂತ ಬಂದರೆ ಅದು ಕಳ್ಳರ ಕೆಲಸ. ಸ್ಕ್ರೀನ್‌ಶಾಟ್ ಗ್ರೂಪಿಗೆ ಹಾಕುವಾಗ ಪ್ಯಾನ್ ಅಳಿಸಿ.

ಬಿಡುಗಡೆ ಆಗದಿದ್ದರೆ

ನಾನು ಹುಡುಗನಿಗೆ ಶುಕ್ರವಾರ ರಾತ್ರಿವರೆಗೆ ಕಾಯಲು ಹೇಳಿದೆ. ಸೋಮವಾರವೂ ಎರಡು ಮೊತ್ತ ಸಮ ಆಗದಿದ್ದರೆ ಮಾತ್ರ ದೂರು. ಮೊದಲು ಬ್ಯಾಂಕಿಗೆ, ಜೊತೆಗೇ ರಿಜಿಸ್ಟ್ರಾರ್‌ಗೆ ಇಮೇಲ್. ಅದರಲ್ಲಿ ಅರ್ಜಿ ನಂಬರ್, ಯುಪಿಐ ಐಡಿ, ಬ್ಲಾಕ್ ಆದ ದಿನ, ಮೊತ್ತ, ಎರಡೂ ಪರದೆಯ ಚಿತ್ರ ಇರಲಿ. ‘ನನ್ನ ರೊಕ್ಕ ಬಂದಿಲ್ಲ’ ಅಂತ ಬರೆಯಬೇಡಿ. ‘29,820 ರೂಪಾಯಿ ಇನ್ನೂ ಬ್ಲಾಕ್ ಇದೆ, ಬಿಡುಗಡೆ ಮಾಡಿ’ ಅಂತ ಬರೆಯಿರಿ. ಕೌಂಟರಿನಲ್ಲಿ ಕೂತವನಾಗಿ ಹೇಳುತ್ತೇನೆ, ಮೊದಲನೆಯದಕ್ಕೆ ಜಮಾ ಹುಡುಕಿ ‘ಯಾವುದೂ ಬಂದಿಲ್ಲ’ ಅಂತ ಉತ್ತರ ಕೊಟ್ಟು ಮುಗಿಸುತ್ತಾರೆ. ಅಲ್ಲೂ ಆಗದಿದ್ದರೆ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯ ‘SCORES’ ತಾಣದಲ್ಲಿ ದೂರು ಹಾಕಿ.

ತಡವಾದದ್ದಕ್ಕೆ ಪರಿಹಾರವೂ ಇದೆ. ದಿನಕ್ಕೆ 100 ರೂಪಾಯಿ ಅಥವಾ ಅರ್ಜಿ ಮೊತ್ತಕ್ಕೆ ವರ್ಷಕ್ಕೆ ಶೇ 15, ಯಾವುದು ಜಾಸ್ತಿಯೋ ಅದು. ಎರಡು ಲಕ್ಷಕ್ಕೆ ಶೇ 15 ಹಾಕಿದರೂ ದಿನಕ್ಕೆ 82 ರೂಪಾಯಿ ಆಗುತ್ತದೆ. ಹಾಗಾಗಿ ಸಣ್ಣ ಅರ್ಜಿದಾರರು ಬಡ್ಡಿ ಲೆಕ್ಕ ಹಾಕುತ್ತ ಕೂರಬೇಕಿಲ್ಲ, ದಿನಕ್ಕೆ 100ರಂತೆ ಕೇಳಿದರೆ ಸಾಕು.

ಹುಡುಗನಿಗೆ ಅದರ ಅಗತ್ಯ ಬೀಳಲಿಲ್ಲ. ಸಂಜೆ ಆರಕ್ಕೆ ಬ್ಯಾಂಕ್ ಪರದೆಯ ಚಿತ್ರ ಕಳಿಸಿದ. ಎರಡು ಕಡೆಯೂ 32,090.