ಬೀರು ಎತ್ತುವ ಮೊದಲು ಕಾಗದದ ಮೇಲೆ ಸರಿಸಿ ನೋಡುವುದು ಹೇಗೆ?

ಮಲಗುವ ಕೋಣೆಯ ಮಂಚ, ಬೀರು, ಮೇಜುಗಳನ್ನು ಬೇರೆ ರೀತಿ ಜೋಡಿಸಬೇಕೆನ್ನುವವರು ಮೊದಲು ಒಂದು ಗ್ರಾಫ್ ಹಾಳೆ, ಅಳತೆ ಟೇಪು, ಕೈವಾರ, ಕತ್ತರಿ ಮತ್ತು ಹಳೆಯ ಲಗ್ನಪತ್ರಿಕೆಯಂಥ ದಪ್ಪ ಕಾಗದವನ್ನು ಹೊಂದಿಸಿಕೊಂಡರೆ ಸಾಕು. ಇಲ್ಲಿ ಉದಾಹರಣೆಗೆ ಸುಮಾರು 11 ಅಡಿ ಅಗಲ, 12 ಅಡಿ ಉದ್ದದ, ಅಪಾರ್ಟ್‌ಮೆಂಟುಗಳಲ್ಲಿ ಸಾಮಾನ್ಯವಾಗಿ ಸಿಗುವ ಅಳತೆಯ ಕೋಣೆಯೊಂದನ್ನು ತೆಗೆದುಕೊಳ್ಳೋಣ.

ಮೊದಲ ಕೆಲಸ ಅಳತೆ. ಬಿಲ್ಡರ್ ಕೊಟ್ಟ ನಕ್ಷೆಯ ಅಂಕಿಗಳನ್ನು ನಂಬಬಾರದು, ಏಕೆಂದರೆ ಅವು ಗೋಡೆಗೆ ಗಾರೆ ಮೆತ್ತುವ ಮೊದಲಿನ ಅಳತೆಗಳಾಗಿರಬಹುದು. ಅಡಿ ಮತ್ತು ಇಂಚನ್ನು ಬದಿಗಿಟ್ಟು ಟೇಪಿನ ಸೆಂಟಿಮೀಟರ್ ಬದಿಯನ್ನೇ ಬಳಸಿ; 11 ಅಡಿ 6 ಇಂಚನ್ನು 11.6 ಎಂದು ಬರೆದುಕೊಂಡು ಲೆಕ್ಕ ಕೆಡಿಸಿಕೊಳ್ಳುವುದು ತೀರಾ ಸಾಮಾನ್ಯವಾದ ತಪ್ಪು. ಟೇಪನ್ನು ಎದೆಮಟ್ಟದಲ್ಲಿ ಹಿಡಿಯದೆ, ನೆಲದಂಚಿನ ಸ್ಕರ್ಟಿಂಗ್ ಪಟ್ಟಿಯಿಂದ ಎದುರು ಗೋಡೆಯ ಸ್ಕರ್ಟಿಂಗ್ ಪಟ್ಟಿಯವರೆಗೆ ಹಿಡಿಯಬೇಕು. ಈ ಪಟ್ಟಿ ಗೋಡೆಯಿಂದ ಸುಮಾರು ಒಂದು ಸೆಂ.ಮೀ. ಮುಂದೆ ಚಾಚಿರುತ್ತದೆ, ಬೀರು ನಿಲ್ಲುವುದು ಅದಕ್ಕೆ ತಾಗಿಯೇ ಹೊರತು ಗೋಡೆಗೆ ತಾಗಿ ಅಲ್ಲ.

ನಮ್ಮ ಕೋಣೆಯಲ್ಲಿ ಪೂರ್ವ-ಪಶ್ಚಿಮವಾಗಿ 335 ಸೆಂ.ಮೀ., ಉತ್ತರ-ದಕ್ಷಿಣವಾಗಿ 366 ಸೆಂ.ಮೀ. ಇದೆ ಎಂದುಕೊಳ್ಳಿ. ಎದುರುಬದುರು ಗೋಡೆಗಳೆರಡನ್ನೂ ಅಳೆದ ಮೇಲೆ ಮೂಲೆಯಿಂದ ಮೂಲೆಗೆ ಎರಡು ಕರ್ಣಗಳನ್ನೂ ಅಳೆಯಿರಿ. ಎರಡೂ 496 ಸೆಂ.ಮೀ. ಆಸುಪಾಸಿನಲ್ಲಿದ್ದರೆ ಕೋಣೆಯ ಮೂಲೆಗಳು ನೇರವಾಗಿವೆ. ಒಂದು ಹೆಚ್ಚು, ಒಂದು ಕಡಿಮೆ ಬಂದರೆ ಕೋಣೆ ಓರೆಯಾಗಿದೆಯೆಂದು ಅರ್ಥ, ಆಗ ನಕ್ಷೆಯನ್ನೂ ಓರೆಯಾಗಿಯೇ ಬರೆಯಬೇಕಾಗುತ್ತದೆ.

ನಂತರ ಪ್ರಮಾಣ. ಒಂದೇ ಕೋಣೆಗೆ 1:20 ಅತ್ಯಂತ ಅನುಕೂಲ. ನಿಜದ 20 ಸೆಂ.ಮೀ. ಕಾಗದದ ಮೇಲೆ 1 ಸೆಂ.ಮೀ. ಆಗುತ್ತದೆ, ಗ್ರಾಫ್ ಹಾಳೆಯ ಪ್ರತಿ ಸಣ್ಣ ಚೌಕ 2 ಸೆಂ.ಮೀ.ಗೆ ಸಮನಾಗುತ್ತದೆ. ನಮ್ಮ ಕೋಣೆ 16.75 ಸೆಂ.ಮೀ. ಅಗಲ, 18.3 ಸೆಂ.ಮೀ. ಉದ್ದದ ಆಯತವಾಗಿ ಶಾಲಾ ಮಕ್ಕಳ ಗ್ರಾಫ್ ಹಾಳೆಯಲ್ಲಿ ಹಿಡಿಯುತ್ತದೆ. ಹಾಳೆಯ ಒಂದು ಮೂಲೆಯಲ್ಲಿ 5 ಸೆಂ.ಮೀ. ಉದ್ದದ ಗೆರೆ ಎಳೆದು "1 ಮೀಟರ್" ಎಂದು ಬರೆದಿಡಿ. ನಕ್ಷೆಯ ಫೋಟೊ ತೆಗೆದು ಮುದ್ರಿಸಿದಾಗ ಅಥವಾ ಜೆರಾಕ್ಸ್ ಮಾಡಿಸಿದಾಗ ಚಿತ್ರ ಕುಗ್ಗಬಹುದು. ಆ ಗೆರೆಯನ್ನು ಅಳೆದರೆ ಅದು ತಕ್ಷಣ ತಿಳಿಯುತ್ತದೆ.

ಇನ್ನು ಬಾಗಿಲುಗಳು. ದಕ್ಷಿಣ ಗೋಡೆಯಲ್ಲಿ ಪೂರ್ವದ ತುದಿಗೆ ಕೋಣೆಯ ಬಾಗಿಲು, ಪಶ್ಚಿಮದ ತುದಿಗೆ ಸ್ನಾನದ ಮನೆಯ ಬಾಗಿಲು ಇವೆ. ಕೋಣೆಯ ಬಾಗಿಲಿನ ಕದ 80 ಸೆಂ.ಮೀ. ಅಗಲವಿದ್ದು ಒಳಕ್ಕೆ ತೆರೆದುಕೊಳ್ಳುವುದರಿಂದ, ಅದರ ಕೀಲಿನ ಬಿಂದುವಿನಲ್ಲಿ ಕೈವಾರದ ಮುಳ್ಳು ಊರಿ 4 ಸೆಂ.ಮೀ. ತ್ರಿಜ್ಯದ ಕಾಲು ವೃತ್ತ ಎಳೆಯಬೇಕು. ಆ ವೃತ್ತದೊಳಗೆ ಏನೂ ನಿಲ್ಲುವಂತಿಲ್ಲ. ಉತ್ತರ ಗೋಡೆಯ ಕಿಟಕಿಯ ಅಂಚು ನೆಲದಿಂದ ಎಷ್ಟು ಎತ್ತರದಲ್ಲಿದೆ, ಪ್ಲಗ್ ಪಾಯಿಂಟುಗಳು ಎಲ್ಲಿವೆ, ಯಾವ ಗೋಡೆಯ ಮೇಲೆ ಸಜ್ಜಾ ಇದೆ ಎಂಬುದನ್ನೂ ಗುರುತು ಹಾಕಿ.

ಈಗ ಸಾಮಾನುಗಳ ತುಂಡುಗಳು. ಮಂಚವನ್ನು ಹಾಸಿಗೆಯ ಅಳತೆಯಿಂದಲ್ಲ, ಚೌಕಟ್ಟಿನ ಹೊರಗಿನ ಅಂಚಿನಿಂದ ಅಳೆಯಿರಿ. ನಮ್ಮದು 165 × 210 ಸೆಂ.ಮೀ. ಆದ್ದರಿಂದ ತುಂಡು 8.25 × 10.5 ಸೆಂ.ಮೀ. ಕಬ್ಬಿಣದ ಬೀರು 90 × 48, ಅಂದರೆ 4.5 × 2.4. ಮೇಜು 120 × 60, ಅಂದರೆ 6 × 3. ಹೆಚ್ಚಿನವರು ಇಷ್ಟಕ್ಕೇ ನಿಲ್ಲಿಸುತ್ತಾರೆ, ಕಾಗದದ ಮೇಲೆ ಎಲ್ಲವೂ ಹಿಡಿಯುತ್ತದೆಂದು ನಂಬುತ್ತಾರೆ, ಕೊನೆಗೆ ಕೋಣೆಯಲ್ಲಿ ಬೀರುವಿನ ಬಾಗಿಲು ಮಂಚಕ್ಕೆ ಬಡಿಯುತ್ತದೆ. ಸಾಮಾನಿನ ಜೊತೆಗೆ ಅದನ್ನು ಬಳಸಲು ಬೇಕಾದ ಜಾಗವನ್ನೂ ಕತ್ತರಿಸಿಕೊಳ್ಳುವುದೇ ಈ ವಿಧಾನದ ಜೀವಾಳ. ಬೀರುವಿನ ಮುಂದೆ ನಿಂತು ಬಾಗಿಲು ತೆರೆಯಲು ಸುಮಾರು 75 ಸೆಂ.ಮೀ., ಕುರ್ಚಿಯನ್ನು ಹಿಂದಕ್ಕೆಳೆದು ಏಳಲು ಮೇಜಿನ ಮುಂದೆ ಅಷ್ಟೇ, ಮಂಚದ ಎರಡೂ ಪಕ್ಕದಲ್ಲಿ ತಲಾ 60 ಸೆಂ.ಮೀ. ಬೇಕು. ಈ ಜಾಗವನ್ನು ತೆಳುವಾದ ಬಣ್ಣದ ಕಾಗದದಲ್ಲಿ ಕತ್ತರಿಸಿ ದಪ್ಪ ತುಂಡಿನ ಅಡಿಗೆ ಅಂಟಿಸಿ. ನಿಯಮ ಇಷ್ಟೇ: ಬಣ್ಣದ ಕಾಗದಗಳು ಒಂದರ ಮೇಲೊಂದು ಬರಬಹುದು, ಆದರೆ ಬಣ್ಣದ ಕಾಗದದ ಮೇಲೆ ದಪ್ಪ ತುಂಡು ಬರಬಾರದು.

ಇನ್ನು ಜೋಡಿಸಿ ನೋಡೋಣ. ಉತ್ತರಕ್ಕೆ ತಲೆ ಹಾಕಿ ಮಲಗುವ ರೂಢಿ ನಮ್ಮಲ್ಲಿ ಇಲ್ಲದ್ದರಿಂದ ಕಿಟಕಿಯ ಗೋಡೆಗೆ ಮಂಚದ ತಲೆ ಬರುವುದಿಲ್ಲ. ದಕ್ಷಿಣದಲ್ಲಿ ಎರಡು ಬಾಗಿಲುಗಳ ನಡುವೆ ಉಳಿಯುವುದು 155 ಸೆಂ.ಮೀ. ಮಾತ್ರ, 165 ಸೆಂ.ಮೀ. ಮಂಚ ಅಲ್ಲಿ ಕೂರುವುದಿಲ್ಲ. ಪೂರ್ವ ಗೋಡೆಗೆ ತಲೆಯಿಟ್ಟರೆ ಮಂಚದ ಕಾಲ್ದೆಸೆಗೆ 125 ಸೆಂ.ಮೀ. ಉಳಿಯುತ್ತದೆ. ಪಶ್ಚಿಮ ಗೋಡೆಗೆ ಬೀರು ತಾಗಿಸಿದರೆ ಅದರ ಮುಂದೆ 77 ಸೆಂ.ಮೀ. ಸಿಗುತ್ತದೆ, ಅಂದರೆ ಬೇಕಾದದ್ದಕ್ಕಿಂತ ಎರಡೇ ಸೆಂ.ಮೀ. ಹೆಚ್ಚು. ಸ್ಕರ್ಟಿಂಗ್ ಬಿಟ್ಟು ಮೇಲೆ ಅಳೆದಿದ್ದರೆ ಲೆಕ್ಕ ತಪ್ಪುತ್ತಿದ್ದುದು ಇಲ್ಲೇ. ಅದೇ ಗೋಡೆಗೆ ಮೇಜನ್ನೂ ತಾಗಿಸಿದರೆ ಮುಂದೆ 65 ಸೆಂ.ಮೀ. ಮಾತ್ರ ಉಳಿದು, ಕುರ್ಚಿಯ ಬಣ್ಣದ ಕಾಗದ ಮಂಚದಡಿಗೆ ಅರ್ಧ ಸೆಂ.ಮೀ. ನುಗ್ಗುತ್ತದೆ.

ಹಾಗಾಗಿ ಮೇಜನ್ನು ವಾಯವ್ಯ ಮೂಲೆಯಲ್ಲಿ ಉತ್ತರ ಗೋಡೆಗೆ ಮುಖ ಮಾಡಿ ಇಡೋಣ. ಕುರ್ಚಿಗೆ ಜಾಗ ಸಿಕ್ಕಿತು. ಮಂಚ ಮತ್ತು ಕಿಟಕಿಯ ನಡುವೆ 60 ಸೆಂ.ಮೀ. ಬಿಟ್ಟಿದ್ದರೂ ಈಗ ಬೆರಳಿನಿಂದ ದಾರಿ ಹಿಡಿದು ಹೋಗಿ ನೋಡಿ: ಮೇಜಿನ ಮೂಲೆ ಮಂಚದ ಮೂಲೆಯನ್ನು ಹೆಚ್ಚುಕಡಿಮೆ ಮುಟ್ಟುತ್ತಿದೆ. ಕಿಟಕಿಯ ಕಡೆ ಮಲಗಿದವರು ಹೊರಬರಲು ಇನ್ನೊಬ್ಬರನ್ನು ದಾಟಬೇಕು. ಮಂಚದ ತುಂಡನ್ನು ದಕ್ಷಿಣಕ್ಕೆ 2.75 ಸೆಂ.ಮೀ., ನಿಜದಲ್ಲಿ 55 ಸೆಂ.ಮೀ., ಸರಿಸಿದರೆ ಮೇಜು-ಮಂಚಗಳ ನಡುವೆ 55 ಸೆಂ.ಮೀ. ದಾರಿ ಬಿಡುತ್ತದೆ. ದಕ್ಷಿಣದಲ್ಲಿ 86 ಸೆಂ.ಮೀ. ಉಳಿಯುವುದರಿಂದ ಕದದ ವೃತ್ತವೂ ಮಂಚಕ್ಕೆ ತಾಗುವುದಿಲ್ಲ. ಆ 55 ಸೆಂ.ಮೀ. ಸ್ವಲ್ಪ ಇಕ್ಕಟ್ಟೇ, ಆದರೂ ಒಬ್ಬರು ನಡೆಯಬಹುದು.

ಈ ವಿಧಾನಕ್ಕೆ ಎತ್ತರ ಕಾಣುವುದಿಲ್ಲ. ಅದಕ್ಕಾಗಿ ಪ್ರತಿ ತುಂಡಿನ ಮೇಲೆ ಸಾಮಾನಿನ ಎತ್ತರವನ್ನು ಬರೆಯಿರಿ. ಮೇಜು 75 ಸೆಂ.ಮೀ., ಕಿಟಕಿಯ ಅಂಚು 90 ಸೆಂ.ಮೀ. ಇದ್ದರೆ ತೊಂದರೆಯಿಲ್ಲ. 198 ಸೆಂ.ಮೀ. ಎತ್ತರದ ಬೀರುವನ್ನು ಮಲಗಿಸಿ ತಂದು ಮತ್ತೆ ಎತ್ತಿ ನಿಲ್ಲಿಸುವಾಗ ಅದರ ಓರೆಯ ಉದ್ದಕ್ಕೆ 204 ಸೆಂ.ಮೀ. ಬೇಕಾಗುತ್ತದೆ; ಸಜ್ಜಾದ ಕೆಳಗೆ ಅಷ್ಟು ಇಲ್ಲದಿದ್ದರೆ ಬಯಲಲ್ಲಿ ನಿಲ್ಲಿಸಿ ಒಳಕ್ಕೆ ಸರಿಸಬೇಕು.

ಕಾಗದದ ಮೇಲೆ ಒಪ್ಪಿಗೆಯಾದ ಜೋಡಣೆಯ ಫೋಟೊ ತೆಗೆದಿಟ್ಟುಕೊಂಡು, ಮಂಚ, ಬೀರು, ಮೇಜುಗಳ ಮೂಲೆಗಳನ್ನು ಸೀಮೆಸುಣ್ಣದಿಂದ ನೆಲದ ಮೇಲೆ ಗುರುತಿಸಿ. ಮೇಜಿನ ಗೆರೆಯ ಮುಂದೆ ಕುರ್ಚಿಯನ್ನಿಟ್ಟು ಕುಳಿತು ಎದ್ದು ನೋಡಿ, ಬಾಗಿಲು ಪೂರ್ತಿ ತೆರೆದು ನೋಡಿ. ಗೆರೆಗಳು ಸರಿಯೆನಿಸಿದ ಮೇಲೆ ಬೀರುವನ್ನು ಖಾಲಿ ಮಾಡಲು ಆರಂಭಿಸಬಹುದು.